ಮೂರು ಕೇಬಲ್, ಒಂದು ಭಾರ: ಮೂರರಿಂದ ಭಾಗಿಸಿದರೆ ಉತ್ತರ ಸಿಗದು

ಭಾರ 200 ಕೆ.ಜಿ., ಹಿಡಿದಿರುವ ಕೇಬಲ್ ಮೂರು, ಅಂದಮೇಲೆ ಒಂದೊಂದಕ್ಕೆ ಹೆಚ್ಚುಕಮ್ಮಿ 67 ಕೆ.ಜಿ. ಮಂಟಪಕ್ಕೆ ದೀಪದ ಗೊಂಚಲು ಕಟ್ಟುವವರಿಂದ ಹಿಡಿದು ವರ್ಕ್‌ಶಾಪಿನಲ್ಲಿ ಎಂಜಿನ್ ಎತ್ತುವವರವರೆಗೆ ಈ ಲೆಕ್ಕ ಸಲೀಸಾಗಿ ಓಡುತ್ತದೆ. ಇದು ಸರಿಯಾಗುವ ಸಂದರ್ಭ ಒಂದೇ: ಮೂರೂ ಕೇಬಲ್ ನೆಟ್ಟಗೆ ಕೆಳಗಿಳಿದಿರಬೇಕು, ಭಾರ ಅವುಗಳ ನಟ್ಟನಡುವೆ ಇರಬೇಕು. ಕೇಬಲ್ ಓರೆಯಾದ ಕ್ಷಣದಿಂದ ಅದಕ್ಕೆ ಎರಡು ಕೆಲಸ ಬೀಳುತ್ತದೆ. ಭಾರವನ್ನು ಮೇಲಕ್ಕೆ ಎತ್ತಿ ಹಿಡಿಯುವುದು ಒಂದು, ಉಳಿದ ಕೇಬಲ್‌ಗಳು ಪಕ್ಕಕ್ಕೆ ಜಗ್ಗುವುದನ್ನು ಎದುರಿಸುವುದು ಇನ್ನೊಂದು. ಈ ಎರಡನೆಯ ಕೆಲಸಕ್ಕೆ ಭಾಗಾಕಾರದಲ್ಲಿ ಜಾಗವೇ ಇಲ್ಲ.

ಪಿಯುಸಿಯಲ್ಲಿ ಕಲಿತ ಲಾಮಿಯ ಪ್ರಮೇಯವನ್ನು ಇಲ್ಲಿ ತರಲು ಹೋಗಬೇಡಿ. ಅದು ಒಂದೇ ಸಮತಲದಲ್ಲಿರುವ ಮೂರು ಬಲಗಳಿಗಷ್ಟೇ ಹೊಂದುತ್ತದೆ. ಮೂರು ಕೇಬಲ್ ಮತ್ತು ಒಂದು ಭಾರ ಎಂದರೆ ನಾಲ್ಕು ಬಲಗಳು, ಅವು ಕಾಗದದ ಮೇಲೆ ಹರಡಿಕೊಂಡೂ ಇಲ್ಲ. ನಮಗೆ ಬೇಕಿರುವುದು ಸರಳವಾದ ಒಂದು ಷರತ್ತು: ಮೂರು ಕೇಬಲ್ ಸೇರುವ ರಿಂಗನ್ನು ಒಂದು ಬಿಂದು ಎಂದುಕೊಂಡರೆ, ಅದು ಅಲುಗಾಡದೆ ನಿಂತಿರಬೇಕಾದರೆ ಪೂರ್ವ–ಪಶ್ಚಿಮ, ಉತ್ತರ–ದಕ್ಷಿಣ, ಮೇಲೆ–ಕೆಳಗೆ ಈ ಮೂರೂ ದಿಕ್ಕುಗಳಲ್ಲಿ ಬಲಗಳ ಮೊತ್ತ ಬೇರೆಬೇರೆಯಾಗಿ ಸೊನ್ನೆಯಾಗಬೇಕು. ಮೂರು ಸಮೀಕರಣ, ಮೂರು ಅಜ್ಞಾತ. ಅದಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ.

ಒಂದು ಲೆಕ್ಕ ಮಾಡಿಯೇ ನೋಡೋಣ. ಭಾರ 1950 ನ್ಯೂಟನ್, ಅಂದರೆ ಸುಮಾರು 199 ಕೆ.ಜಿ. ರಿಂಗಿನಿಂದ ಟೇಪು ಹಿಡಿದು ಅಳೆದರೆ, ಎ ಕೊಕ್ಕೆ 4 ಮೀಟರ್ ಪಶ್ಚಿಮಕ್ಕೆ, 3 ಮೀಟರ್ ಮೇಲಿದೆ. ಬಿ ಕೊಕ್ಕೆ 2 ಮೀಟರ್ ಪೂರ್ವಕ್ಕೆ, 3 ಮೀಟರ್ ಉತ್ತರಕ್ಕೆ, 6 ಮೀಟರ್ ಮೇಲಿದೆ. ಸಿ ಕೊಕ್ಕೆ 2 ಮೀಟರ್ ಪೂರ್ವಕ್ಕೆ, 6 ಮೀಟರ್ ದಕ್ಷಿಣಕ್ಕೆ, 3 ಮೀಟರ್ ಮೇಲಿದೆ. ಮೂರೂ ಅಳತೆಗಳ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಕೇಬಲ್‌ಗಳ ಉದ್ದ ಕ್ರಮವಾಗಿ 5, 7 ಮತ್ತು 7 ಮೀಟರ್. ಕೇಬಲ್‌ನ ತೂಕವನ್ನು ಸದ್ಯಕ್ಕೆ ಮರೆಯೋಣ.

ಪಠ್ಯಪುಸ್ತಕದ ದಾರಿಯಲ್ಲಿ ಹೋದರೆ ಪ್ರತಿ ಕೇಬಲ್‌ನ ದಿಕ್ಕಿಗೂ ಏಕಮಾನ ಸದಿಶ ಬರೆಯಬೇಕು. ಆಗ 2/7, 6/7 ಎಂಬ ಭಿನ್ನರಾಶಿಗಳ ಹಿಂಡೇ ಬಂದು ನಿಲ್ಲುತ್ತದೆ. ನನಗೆ ಬಹಳ ಇಷ್ಟವಾದ ಒಳದಾರಿ ಒಂದಿದೆ. ಎಳೆತವನ್ನೇ ಅಜ್ಞಾತವಾಗಿ ಇಟ್ಟುಕೊಳ್ಳುವ ಬದಲು, ಎಳೆತವನ್ನು ಕೇಬಲ್‌ನ ಉದ್ದದಿಂದ ಭಾಗಿಸಿದ ಸಂಖ್ಯೆಯನ್ನು, ಅಂದರೆ ಮೀಟರಿಗೆ ಎಷ್ಟು ನ್ಯೂಟನ್ ಎಂಬುದನ್ನು ಅಜ್ಞಾತವಾಗಿ ಇಟ್ಟುಕೊಳ್ಳಿ. ಆ ಸಂಖ್ಯೆಯನ್ನು ಟೇಪಿನಲ್ಲಿ ಅಳೆದ ಮೀಟರುಗಳಿಂದ ಗುಣಿಸಿದರೆ ಆ ದಿಕ್ಕಿನ ಘಟಕ ನೇರವಾಗಿ ಕೈಗೆ ಬರುತ್ತದೆ. ಸೈನ್, ಕೊಸೈನ್ ಒಂದೂ ಬೇಡ. ಮ್ಯೂನಿಕ್‌ನ 1972ರ ಒಲಿಂಪಿಕ್ ಕ್ರೀಡಾಂಗಣದ ಕೇಬಲ್ ಚಾವಣಿಯ ಕಾಲದಲ್ಲಿ ಜರ್ಮನಿಯ ಲಿಂಕ್‌ವಿಟ್ಸ್ ಮತ್ತು ಶೆಕ್ ಇದೇ ಯುಕ್ತಿಯನ್ನು ಸಾವಿರಾರು ಗಂಟುಗಳ ಬಲೆಗಳಿಗೆ ಒಗ್ಗಿಸಿದರು. ಕೊಕ್ಕೆಗಳ ಜಾಗ ಗೊತ್ತಿದ್ದು, ಈ ಮೀಟರುವಾರು ಎಳೆತವನ್ನು ಮೊದಲೇ ನಿಗದಿ ಮಾಡಿಬಿಟ್ಟರೆ ಚಾವಣಿಯ ಆಕಾರ ಹುಡುಕುವ ಕಗ್ಗಂಟು ಸರಳ ರೇಖೀಯ ಸಮೀಕರಣಗಳಾಗಿ ಬಿಚ್ಚಿಕೊಳ್ಳುತ್ತದೆ. ನಮ್ಮ ಬಲೆಗೆ ಇರುವುದು ಒಂದೇ ಗಂಟು. ಎ, ಬಿ, ಸಿ ಕೇಬಲ್‌ಗಳ ಮೀಟರುವಾರು ಎಳೆತವನ್ನು ಕ್ರಮವಾಗಿ a, b, c ಎಂದುಕೊಂಡರೆ:

```
ಪೂರ್ವ:  -4a + 2b + 2c = 0
ಉತ್ತರ:        3b - 6c = 0
ಮೇಲೆ:   3a + 6b + 3c = 1950
```

ಎರಡನೆಯ ಸಾಲಿನಿಂದ b = 2c. ಅದನ್ನು ಮೊದಲನೆಯದರಲ್ಲಿ ಇಟ್ಟರೆ a = 1.5c. ಮೂರನೆಯದರಲ್ಲಿ ಎರಡನ್ನೂ ಇಟ್ಟರೆ 19.5c = 1950, ಅಂದರೆ c = 100, b = 200, a = 150. ಇನ್ನು ಉದ್ದದಿಂದ ಗುಣಿಸಿದರೆ ಆಯಿತು: ಎ ಕೇಬಲ್‌ನಲ್ಲಿ 750 ನ್ಯೂಟನ್, ಬಿ ಕೇಬಲ್‌ನಲ್ಲಿ 1400, ಸಿ ಕೇಬಲ್‌ನಲ್ಲಿ 700.

ಭಾಗಾಕಾರದ ಲೆಕ್ಕ ಪ್ರತಿಯೊಂದಕ್ಕೂ 650 ಎಂದಿತ್ತು. ಬಿ ಕೇಬಲ್ ಅದರ ಎರಡು ಪಟ್ಟಿಗೂ ಹೆಚ್ಚು ಹೊತ್ತಿದೆ. ಮೂರೂ ಎಳೆತ ಕೂಡಿಸಿದರೆ 2850. ಭಾರಕ್ಕಿಂತ 900 ನ್ಯೂಟನ್ ಹೆಚ್ಚು. ಹೆಚ್ಚಿನದು ಎಲ್ಲಿಂದ ಬಂತು ಎಂದು ಗಾಬರಿ ಬೇಡ. ಮೇಲ್ಮುಖ ಘಟಕಗಳನ್ನಷ್ಟೇ ಕೂಡಿಸಿ ನೋಡಿ: 450, 1200, 300, ಸರಿಯಾಗಿ 1950. ಉಳಿದ ಶ್ರಮವೆಲ್ಲ ಕೇಬಲ್‌ಗಳ ನಡುವಿನ ಹಗ್ಗಜಗ್ಗಾಟಕ್ಕೆ ಹೋಗಿದೆ. ಎ ಪಶ್ಚಿಮಕ್ಕೆ 600 ಜಗ್ಗಿದರೆ ಬಿ 400, ಸಿ 200 ಪೂರ್ವಕ್ಕೆ ಜಗ್ಗುತ್ತವೆ. ಬಿ ಉತ್ತರಕ್ಕೆ 600, ಸಿ ದಕ್ಷಿಣಕ್ಕೆ 600.

ಈಗ ಸಿ ಕೊಕ್ಕೆಯನ್ನು 6 ಮೀಟರ್ ದಕ್ಷಿಣದ ಬದಲು 6 ಮೀಟರ್ ಉತ್ತರಕ್ಕೆ ಬರೆದು ನೋಡಿ. ವಿದ್ಯಾರ್ಥಿಗಳು ಅತಿ ಹೆಚ್ಚು ಮಾಡುವ ತಪ್ಪು ಈ ಚಿಹ್ನೆಯದೇ. ಉತ್ತರ ತಾನಾಗಿ ಎಚ್ಚರಿಸುತ್ತದೆ: ಸಿ ಕೇಬಲ್‌ನ ಎಳೆತ ಮೈನಸ್ 1300 ನ್ಯೂಟನ್. ಅಂದರೆ ಆ ಕೇಬಲ್ ರಿಂಗನ್ನು ದಬ್ಬಬೇಕು. ಕೇಬಲ್ ದಬ್ಬುವುದಿಲ್ಲ, ಸಡಿಲ ಬೀಳುತ್ತದೆ. ಚಿಹ್ನೆ ತಪ್ಪದೆ ನಿಜವಾಗಿಯೂ ಕೊಕ್ಕೆ ಅಲ್ಲೇ ಇದ್ದರೆ, ರಿಂಗು ನಾವು ಅಂದುಕೊಂಡ ಜಾಗದಲ್ಲಿ ನಿಲ್ಲುವುದೇ ಇಲ್ಲ, ತೂಗಿ ಬೇರೆಡೆಗೆ ಹೋಗುತ್ತದೆ. ಇದನ್ನು ಲೆಕ್ಕಕ್ಕೆ ಕೂರುವ ಮೊದಲೇ ಕಂಡುಹಿಡಿಯಬಹುದು. ಮೂರು ಕೊಕ್ಕೆಗಳನ್ನೂ ರಿಂಗನ್ನೂ ನೇರ ಮೇಲಿಂದ ನೋಡಿದಂತೆ ನೆಲನಕ್ಷೆಯಲ್ಲಿ ಗುರುತಿಸಿ. ರಿಂಗು ಕೊಕ್ಕೆಗಳ ತ್ರಿಕೋನದ ಒಳಗಿದ್ದರೆ ಮೂರೂ ಬಿಗಿಯಾಗಿರುತ್ತವೆ, ಹೊರಗಿದ್ದರೆ ಒಂದಾದರೂ ಕೈಕೊಡುತ್ತದೆ. ಅಂಚಿನ ಮೇಲೆಯೇ ಇದ್ದರೆ ಎರಡೇ ಕೇಬಲ್ ಭಾರ ಹೊತ್ತು ಮೂರನೆಯದು ಅಲಂಕಾರಕ್ಕೆ ಇರುತ್ತದೆ. ಕೊಕ್ಕೆಗಳು ಬೇರೆಬೇರೆ ಎತ್ತರದಲ್ಲಿದ್ದರೂ ಈ ನಿಯಮ ಬದಲಾಗದು, ಏಕೆಂದರೆ ಪಕ್ಕದ ಜಗ್ಗಾಟ ಸರಿದೂಗುವುದು ನೆಲನಕ್ಷೆಯಲ್ಲೇ.

ಈ ಮೂರು ಸಮೀಕರಣಗಳಲ್ಲಿ ಇನ್ನೊಂದು ಸಂಗತಿ ಅಡಗಿದೆ. ಅವುಗಳಿಗೆ ಇರುವುದು ಒಂದೇ ಉತ್ತರ. ರಿಂಗು ಇದ್ದಲ್ಲೇ ಇರಬೇಕಾದರೆ ಬಿ ಕೇಬಲ್ 1400 ನ್ಯೂಟನ್ ಹೊರಲೇಬೇಕು. ಎ ಎಷ್ಟೇ ದಪ್ಪವಿರಲಿ, ಎಷ್ಟೇ ಹೊಸದಿರಲಿ, ಬಿ ಹೊತ್ತದ್ದರಲ್ಲಿ ಒಂದು ನ್ಯೂಟನ್ನನ್ನೂ ತನ್ನ ಕಡೆಗೆ ಎಳೆದುಕೊಳ್ಳಲಾರದು.

ಪೋರ್ಟೊ ರಿಕೊದ ಅರೆಸಿಬೊ ರೇಡಿಯೊ ದೂರದರ್ಶಕದ ಕುಸಿತವನ್ನು ಅರ್ಥಮಾಡಿಕೊಳ್ಳಲು ಇದು ಬೇಕಾಗುತ್ತದೆ. 1963ರಲ್ಲಿ ಆರಂಭವಾದ ಆ ದೂರದರ್ಶಕದ 305 ಮೀಟರ್ ಅಗಲದ ತಟ್ಟೆಯ ಮೇಲೆ ಉಪಕರಣಗಳ ವೇದಿಕೆಯೊಂದು ಮೂರು ಗೋಪುರಗಳಿಂದ ಬಂದ ಕೇಬಲ್‌ಗಳಲ್ಲಿ ತೂಗುತ್ತಿತ್ತು. 1990ರ ದಶಕದ ನವೀಕರಣದ ನಂತರ ವೇದಿಕೆಯ ತೂಕ ಸುಮಾರು 820 ಟನ್. ಪ್ರತಿ ಗೋಪುರದಿಂದ ನಾಲ್ಕು ಹಳೆಯ ಮುಖ್ಯ ಕೇಬಲ್, ನವೀಕರಣದಲ್ಲಿ ಸೇರಿಸಿದ ಎರಡು ಸಹಾಯಕ ಕೇಬಲ್. ಒಟ್ಟು ಹದಿನೆಂಟು ಕೇಬಲ್, ಆದರೆ ದಿಕ್ಕು ಮೂರೇ.

ಗೋಪುರಗಳು ಸಮ ಅಂತರದಲ್ಲಿದ್ದುದರಿಂದ ಇಲ್ಲಿ ಪ್ರತಿ ದಿಕ್ಕೂ ಎತ್ತಬೇಕಾದದ್ದು ಮೂರನೇ ಒಂದು ಭಾಗವೇ, 273 ಟನ್. ಆದರೆ ಕೇಬಲ್‌ಗಳು ತೀರ ಚಪ್ಪಟೆಯಾಗಿ ಬಂದಿದ್ದವು. ಅವು ಅಡ್ಡಕ್ಕಿಂತ 10 ಡಿಗ್ರಿ ಮಾತ್ರ ಮೇಲಕ್ಕಿದ್ದವು ಎಂದು ಲೆಕ್ಕಕ್ಕಾಗಿ ಹಿಡಿಯೋಣ. 273ನ್ನು 10 ಡಿಗ್ರಿಯ ಸೈನ್‌ನಿಂದ, ಅಂದರೆ 0.174ರಿಂದ ಭಾಗಿಸಿದರೆ ಒಂದು ದಿಕ್ಕಿನ ಎಳೆತ ಸುಮಾರು 1570 ಟನ್. ವೇದಿಕೆಯ ಇಡೀ ತೂಕದ ಹತ್ತಿರಹತ್ತಿರ ಎರಡು ಪಟ್ಟು, ಅದೂ ಒಂದು ಗೋಪುರದ ಕಡೆಗೆ! ಕೋನ 30 ಡಿಗ್ರಿ ಇದ್ದಿದ್ದರೆ 547 ಟನ್ ಸಾಕಿತ್ತು.

2020ರ ಆಗಸ್ಟ್ 10ರಂದು ಮೂರರಲ್ಲಿ ಒಂದು ಗೋಪುರಕ್ಕೆ ಸೇರಿದ ಸಹಾಯಕ ಕೇಬಲ್ ತನ್ನ ಸಾಕೆಟ್‌ನಿಂದ ಜಾರಿ ಕಳಚಿತು. ಈ ಸಾಕೆಟ್ ಎಂದರೆ ಉಕ್ಕಿನ ಶಂಕು. ಕೇಬಲ್‌ನ ತುದಿಯ ತಂತಿಗಳನ್ನು ಅದರೊಳಗೆ ಹೂವಿನಂತೆ ಬಿಡಿಸಿ, ಕರಗಿದ ಸತು ಹೊಯ್ದು ಕಚ್ಚಿಸಿರುತ್ತಾರೆ. ಆ ಗೋಪುರದ ಕಡೆ ಉಳಿದದ್ದು ಐದು. ವೇದಿಕೆಯ ಜಾಗ, ತೂಕ ಹೆಚ್ಚುಕಮ್ಮಿ ಹಾಗೆಯೇ ಇದ್ದುದರಿಂದ ಆ ದಿಕ್ಕಿನ ಒಟ್ಟು ಎಳೆತವೂ ಹಾಗೆಯೇ ಇರಬೇಕಿತ್ತು. ಉಳಿದೆರಡು ಗೋಪುರಗಳ ಹನ್ನೆರಡು ಕೇಬಲ್‌ಗಳು ಸುಸ್ಥಿತಿಯಲ್ಲಿದ್ದರೂ ಪಾಲು ಹಂಚಿಕೊಳ್ಳುವಂತಿರಲಿಲ್ಲ. ನಮ್ಮ ಲೆಕ್ಕದ 1570 ಟನ್ನನ್ನು ಸಮನಾಗಿ ಹಂಚಿದರೆ ಒಂದೊಂದರ ಮೇಲೆ 262 ಇದ್ದದ್ದು 314 ಆಗುತ್ತದೆ. ನವೆಂಬರ್ 6ರಂದು ಅದೇ ಗೋಪುರದ ಮುಖ್ಯ ಕೇಬಲ್ ಒಂದು ತುಂಡಾಯಿತು; ಆಗ ನಾಲ್ಕರ ಮೇಲೆ 390ಕ್ಕೂ ಹೆಚ್ಚು. ಡಿಸೆಂಬರ್ 1ರ ಬೆಳಿಗ್ಗೆ ಅದೇ ಕಡೆಯ ಉಳಿದ ಕೇಬಲ್‌ಗಳೂ ಹೋಗಿ ವೇದಿಕೆ ತಟ್ಟೆಯ ಮೇಲೆ ಬಿತ್ತು.

ನವೆಂಬರಿನಲ್ಲಿ ತುಂಡಾದ ಕೇಬಲ್ ತನ್ನ ಕನಿಷ್ಠ ಮುರಿತಬಲದ ಸುಮಾರು 60 ಶೇಕಡಾ ಮಾತ್ರ ಹೊತ್ತಿತ್ತು ಎಂಬ ಅಂದಾಜು ಎಂಜಿನಿಯರುಗಳನ್ನು ಬೆಚ್ಚಿಬೀಳಿಸಿತು. ಸಮತೋಲನದ ಸಮೀಕರಣ ಎಷ್ಟು ಎಳೆತ ಎಂದು ಹೇಳೀತೇ ಹೊರತು ಎಷ್ಟು ತಡೆಯುತ್ತದೆ ಎಂದಲ್ಲ. ಒಂದೇ ದಿಕ್ಕಿನ ಆರು ಕೇಬಲ್‌ಗಳೊಳಗೆ ಯಾರು ಎಷ್ಟು ಹೊತ್ತಿದ್ದಾರೆ ಎಂಬುದನ್ನೂ ಅದು ಹೇಳದು. ಮೇಲೆ ನಾನು ಸಮನಾಗಿ ಹಂಚಿದ್ದು ಅನುಕೂಲಕ್ಕೆ ಮಾತ್ರ. ಅಜ್ಞಾತಗಳು ಮೂರಕ್ಕಿಂತ ಹೆಚ್ಚಾದಾಗ ಹಂಚಿಕೆ ನಿರ್ಧರಿಸುವುದು ಕೇಬಲ್‌ನ ದಪ್ಪ, ಹಿಗ್ಗುವ ಗುಣ ಮತ್ತು ಕಟ್ಟುವಾಗಿನ ಉದ್ದ. ಕೆಲವೇ ಸೆಂಟಿಮೀಟರ್ ಗಿಡ್ಡವಾದದ್ದು ಬಿಗಿದುಕೊಂಡು ಹೆಚ್ಚು ಹೊರುತ್ತದೆ. ಅದನ್ನು ಕಾಗದದ ಮೇಲಲ್ಲ, ಸ್ಥಳದಲ್ಲೇ ಕಂಡುಹಿಡಿಯಬೇಕು. ಕೇಬಲ್ ನಡುವಿನಲ್ಲಿ ಎಷ್ಟು ಜೋತುಬಿದ್ದಿದೆ ಎಂದು ಸರ್ವೆ ಉಪಕರಣದಿಂದ ಅಳೆದರೆ, ಅಥವಾ ಬಡಿದಾಗ ಅದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂದು ನೋಡಿದರೆ ಎಳೆತ ತಿಳಿಯುತ್ತದೆ.

ಜೋತುಬೀಳುವ ಮಾತು ಬಂದಾಗ, ನಾವು ಮರೆತಿದ್ದ ಕೇಬಲ್‌ನ ಸ್ವಂತ ತೂಕಕ್ಕೂ ಬರಬೇಕು. ಎಂಟು ಹತ್ತು ಮೀಟರ್‌ನ ಸ್ಲಿಂಗ್‌ನಲ್ಲಿ ಅದು ಲೆಕ್ಕಕ್ಕಿಲ್ಲ. ನೂರಾರು ಮೀಟರ್ ಉದ್ದದ, ಎಂಟು ಸೆಂಟಿಮೀಟರ್ ದಪ್ಪದ ಉಕ್ಕಿನ ಕೇಬಲ್‌ನಲ್ಲಿ ಹಾಗಲ್ಲ. ಕೊಕ್ಕೆಯಿಂದ ಭಾರಕ್ಕೆ ಎಳೆದ ನೇರ ಗೆರೆ 10 ಡಿಗ್ರಿ ಓರೆಯಿದ್ದರೂ ಜೋತುಬಿದ್ದ ಕೇಬಲ್ ಭಾರವನ್ನು ಸೇರುವಲ್ಲಿ ಇನ್ನಷ್ಟು ಚಪ್ಪಟೆಯಾಗಿರುತ್ತದೆ. ಸಮೀಕರಣಕ್ಕೆ ಬೇಕಿರುವುದು ಆ ಸೇರುವ ಜಾಗದ ಕೋನ. ಅಲ್ಲಿ 8 ಡಿಗ್ರಿ ಇದ್ದರೆ 1570 ಟನ್ ಎಂದದ್ದು 1960 ಆಗುತ್ತದೆ, ಕಾಲುಭಾಗ ಹೆಚ್ಚು. ಆದ್ದರಿಂದ ಉದ್ದ ಕೇಬಲ್‌ಗಳಲ್ಲಿ ಕೊಕ್ಕೆಗಳ ಜಾಗ ಅಳೆದರೆ ಸಾಲದು, ತುದಿಯಲ್ಲಿ ಕೋನಮಾಪಕ ಹಿಡಿಯಬೇಕು.