ತುದಿಯಲ್ಲಿ ಸೊನ್ನೆ, ಒಳಗೆಲ್ಲ ನೂರು: ಕಬ್ಬಿಣದ ಸರಳಿನ ಹಳೇ ತಕರಾರು

ಮಡಿಕೇರಿಯಲ್ಲಿ ಡಿಗ್ರಿ ಮಕ್ಕಳಿಗೆ ಗಣಿತ ಹೇಳಿಕೊಡುವ ನನ್ನ ಮುಂದೆ ಪ್ರತಿ ವರ್ಷ ಮಳೆಗಾಲದ ಹೊತ್ತಿಗೆ ಒಂದೇ ಪ್ರಶ್ನೆ ಬರುತ್ತದೆ. ಕಾದ ಸರಳು ತಣಿಯುವುದನ್ನು ಸೈನ್ ಗೆರೆಗಳ ಮೊತ್ತವಾಗಿ ಬರೆಯುವ ಪಾಠ ಅದು. "ಸರ್, ಈ ಸೈನ್‌ಗಳೆಲ್ಲ ಎರಡೂ ತುದಿಯಲ್ಲಿ ಸೊನ್ನೆ. ಸೊನ್ನೆಗೆ ಸೊನ್ನೆ ಎಷ್ಟು ಕೂಡಿಸಿದರೂ ಸೊನ್ನೆ ತಾನೇ? ಸರಳು ಶುರುವಿನಲ್ಲಿ ಪೂರ್ತಿ ನೂರು ಡಿಗ್ರಿ ಇತ್ತಲ್ವಾ?" ಕೇಳಿದವರು ನಾಚಿಕೊಂಡು ಕೂತುಬಿಡುತ್ತಾರೆ. ನಾಚಿಕೊಳ್ಳುವಂಥದ್ದು ಏನೂ ಇಲ್ಲ. ಇನ್ನೂರು ವರ್ಷದ ಹಿಂದೆ ಪ್ಯಾರಿಸ್‌ನ ದೊಡ್ಡ ತಲೆಗಳು ತಡೆದು ನಿಂತದ್ದೂ ಇದೇ ಜಾಗದಲ್ಲಿ.

ಲೆಕ್ಕ ಹೀಗಿದೆ. ತೆಳು ಸರಳು, ಪಕ್ಕದಿಂದ ಶಾಖ ಸೋರದಂತೆ ಸುತ್ತಿದ್ದೇವೆ. ಉದ್ದ `L`. ಇಡೀ ಸರಳನ್ನು 100 ಡಿಗ್ರಿಗೆ ಕಾಯಿಸಿ, ಎರಡೂ ತುದಿಗಳನ್ನು ಒಟ್ಟಿಗೆ ಐಸ್ ನೀರಿಗೆ ಇಡುತ್ತೇವೆ. ಶಾಖ ಹರಿಯುವ ನಿಯಮ `u_t = α u_xx`. ಇಲ್ಲಿ `u` ಅಂದರೆ `x` ಜಾಗದಲ್ಲಿ `t` ಹೊತ್ತಿನ ಬಿಸಿ, `α` ಅಂದರೆ ಆ ಲೋಹದಲ್ಲಿ ಶಾಖ ಎಷ್ಟು ಬೇಗ ಹರಡುತ್ತದೆ ಎಂದು ಹೇಳುವ ಸಂಖ್ಯೆ. ಬಿಸಿಯ ಗೆರೆ ಎಲ್ಲಿ ಗುಡ್ಡದಂತೆ ಬಾಗಿದೆಯೋ ಅಲ್ಲಿ ತಣಿಯುತ್ತದೆ. ಬಾಗು ಜಾಸ್ತಿ ಇದ್ದಷ್ಟೂ ಬೇಗ ತಣಿಯುತ್ತದೆ.

ಈಗ ಒಂದು ಉಪಾಯ. ತಣಿಯುವಾಗ ಆಕಾರ ಬದಲಾಗದೆ ಎತ್ತರ ಮಾತ್ರ ಕುಗ್ಗುವ ಗೆರೆಗಳು ಯಾವುವು? ಎರಡು ಸಲ ಡಿಫರೆನ್ಶಿಯೇಟ್ ಮಾಡಿದರೆ ಮೊದಲಿನದೇ ಮೈನಸ್ ಚಿಹ್ನೆಯೊಡನೆ, ಒಂದು ಸಂಖ್ಯೆಯಿಂದ ಗುಣಿಸಿಕೊಂಡು ವಾಪಸ್ ಬರಬೇಕು. ತುದಿಗಳಲ್ಲಿ ಸೊನ್ನೆಯೂ ಆಗಬೇಕು. ಹಾಗಿರುವುದು `sin(nπx/L)` ಮಾತ್ರ, `n` 1, 2, 3 ಹೀಗೆ. ಇವೇ ಐಗನ್ ಫಂಕ್ಷನ್‌ಗಳು. ಶುರುವಿನ ಬಿಸಿಯನ್ನು ಇವುಗಳ ಮೊತ್ತವಾಗಿ ಬಿಡಿಸಿ ಬರೆದರೆ, ಪ್ರತಿಯೊಂದೂ ತನ್ನ ಪಾಡಿಗೆ ತಾನು ಕುಗ್ಗುತ್ತದೆ:

```
u(x,t) = Σ b_n sin(nπx/L) e^(-α(nπ/L)² t)
b_n = (2/L) ∫₀ᴸ f(x) sin(nπx/L) dx
```

ಎರಡನೇ ಸಾಲು ಬರುವುದು ಹೀಗೆ. ಶುರುವಿನ ಬಿಸಿ `f(x)`ನ್ನು ಒಂದು ಸೈನ್‌ನಿಂದ ಗುಣಿಸಿ ಸರಳಿನುದ್ದಕ್ಕೂ ಇಂಟಿಗ್ರೇಟ್ ಮಾಡಿದರೆ, ಉಳಿದ ಸೈನ್‌ಗಳೆಲ್ಲ ಸೊನ್ನೆಯಾಗಿ ಬಿದ್ದುಹೋಗುತ್ತವೆ. ಬೇಕಾದ ಒಂದೇ ಒಂದು ಉಳಿಯುತ್ತದೆ. ನಮ್ಮ 100 ಡಿಗ್ರಿಗೆ ಸರಿಸಂಖ್ಯೆಯ `n`ಗಳೆಲ್ಲ ಸೊನ್ನೆ. ಬೆಸಸಂಖ್ಯೆಗೆ `b_n = 400/(nπ)`, ಅಂದರೆ 127.3, 42.4, 25.5, 18.2 ಹೀಗೆ.

ಯಾವುದೇ ಗೆರೆಯನ್ನು ಇಂಥ ಸೈನ್‌ಗಳ ಮೊತ್ತವಾಗಿ ಬರೆಯಬಹುದೇ ಎಂಬ ಜಗಳ ಶಾಖದಿಂದ ಹುಟ್ಟಿದ್ದಲ್ಲ. 1750ರ ದಶಕದಲ್ಲೇ ಮಿಡಿಯುವ ತಂತಿಯ ವಿಷಯಕ್ಕೆ ಡೇನಿಯಲ್ ಬರ್ನೂಲಿ ಒಂದು ಕಡೆ, ಆಯ್ಲರ್ ಮತ್ತು ದಲಾಂಬೇರ್ ಇನ್ನೊಂದು ಕಡೆ ನಿಂತು ವಾದ ಮಾಡಿ ಇತ್ಯರ್ಥವಾಗದೆ ಬಿಟ್ಟಿದ್ದರು. ಆಮೇಲೆ ಬಂದವರು ಫೂರಿಯೆ. ಗ್ರೆನೋಬಲ್‌ನಲ್ಲಿ ಜಿಲ್ಲೆಯ ಆಡಳಿತ ನೋಡಿಕೊಳ್ಳುತ್ತಾ, ಬಿಡುವಿನಲ್ಲಿ ಶಾಖದ ಲೆಕ್ಕ ಮಾಡುತ್ತಿದ್ದರು. 1807ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ಗೆ ಪ್ರಬಂಧ ಕೊಟ್ಟರು. ನೋಡಿದವರು ಲಗ್ರಾಂಜ್, ಲಪ್ಲಾಸ್, ಮೋಂಜ್, ಲಕ್ರುವಾ. ಪ್ರಬಂಧ ಅಚ್ಚಾಗಲಿಲ್ಲ. ಲಗ್ರಾಂಜ್‌ಗೆ ಈ ಶ್ರೇಣಿಗಳ ಮೇಲೆ ನಂಬಿಕೆ ಕೂರಲಿಲ್ಲ. 1811ರಲ್ಲಿ ತಿದ್ದಿ ಸ್ಪರ್ಧೆಗೆ ಕಳಿಸಿದಾಗ ಬಹುಮಾನ ಬಂತು, ಜೊತೆಗೆ "ಸಾಧನೆ ಬಿಗಿಯಾಗಿಲ್ಲ" ಎಂಬರ್ಥದ ಟಿಪ್ಪಣಿಯೂ ಬಂತು. ಪುಸ್ತಕ ಹೊರಬಿದ್ದದ್ದು 1822ರಲ್ಲಿ. ಯಾವ ಗೆರೆಗೆ ಈ ಶ್ರೇಣಿ ನಿಜಕ್ಕೂ ಹೊಂದುತ್ತದೆ ಎಂದು ಡಿರಿಕ್ಲೆ 1829ರಲ್ಲಿ ಸಾಧಿಸಿ ತೋರಿಸಿದರು.

ಲಗ್ರಾಂಜ್ ಸುಮ್ನೆ ಹಟ ಹಿಡಿದರು ಎಂದು ಹೇಳುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಮೊದಲ ಕ್ಷಣದಲ್ಲಿ ಸರಳಿನ ನಟ್ಟನಡುವೆ ಮೊತ್ತ ಏನಾಗುತ್ತದೆ ನೋಡಿ. ಒಂದು ಪದಕ್ಕೆ 127. ಎರಡಕ್ಕೆ 85. ಮೂರಕ್ಕೆ 110. ನಾಲ್ಕಕ್ಕೆ 92. ಐದಕ್ಕೆ 106. ನೂರರ ಆಚೆ ಈಚೆ ಹಾರುತ್ತಾ, ತಡವರಿಸಿಕೊಂಡು ಹತ್ತಿರವಾಗುತ್ತದೆ. ತುದಿಯ ಪಕ್ಕ ಇನ್ನೂ ಕೆಟ್ಟದ್ದು. ಕಂಪ್ಯೂಟರ್‌ನಲ್ಲಿ ಗೆರೆ ಎಳೆದ ಹುಡುಗರು "ಸರ್, ತುದಿ ಹತ್ತಿರ 118 ಡಿಗ್ರಿ ತೋರಿಸ್ತಿದೆ" ಎಂದು ಓಡಿ ಬರುತ್ತಾರೆ. ಪದಗಳನ್ನು ಜಾಸ್ತಿ ಮಾಡಿದರೆ ಆ ಗೂನು ತುದಿಯತ್ತ ಸರಿಯುತ್ತದೆ, ಆದರೆ ಎತ್ತರ ಇಳಿಯುವುದಿಲ್ಲ. 1848ರಲ್ಲಿ ವಿಲ್‌ಬ್ರಹಾಮ್, 1899ರಲ್ಲಿ ಗಿಬ್ಸ್ ಇದನ್ನು ವಿವರಿಸಿದರು. ಅದು ಶಾಖವಲ್ಲ, ಪದಗಳನ್ನು ಮಧ್ಯೆ ಕತ್ತರಿಸಿದ್ದರ ಗುರುತು. ನೂರಕ್ಕಿಂತ ಬಿಸಿ ಎಲ್ಲೂ ಇರದ ಸರಳು ತಣಿಯುತ್ತಾ ನೂರು ದಾಟಲು ಆಗುವುದೇ ಇಲ್ಲ.

ಹುಡುಗರ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ತುದಿಯಲ್ಲಿ ಮೊತ್ತ ಸೊನ್ನೆಯೇ. ತುದಿಯಿಂದ ಕೂದಲೆಳೆ ಒಳಗೆ ಬಂದರೆ, ಸಾಕಷ್ಟು ಪದ ಹಾಕಿದ ಮೇಲೆ, ನೂರು. ಐಸ್ ನೀರಿಗೆ ತಾಗಿದ ಕ್ಷಣಕ್ಕೆ ನಿಜವಾದ ಸರಳಿನ ಪರಿಸ್ಥಿತಿಯೂ ಅದೇ ಅಲ್ವಾ?

ಆದರೆ ಗಡಿಯಾರ ಓಡತೊಡಗಿದರೆ ಈ ತಾಪತ್ರಯವೆಲ್ಲ ಕರಗಿಹೋಗುತ್ತದೆ. ಇದನ್ನು ತರಗತಿಯಲ್ಲಿ ಯಾಕೋ ಬೇಗ ದಾಟಿಸಿಬಿಡುತ್ತೇವೆ. ಸೂತ್ರ ಬರೆಸಿದರೆ ಅಂಕ ಬರುತ್ತದೆ, ಅಲ್ಲಿಗೆ ಮುಗಿಯಿತು. 30 ಸೆಂ.ಮೀ. ಕಬ್ಬಿಣದ ಸರಳು ತೆಗೆದುಕೊಳ್ಳಿ. `α` ಸೆಕೆಂಡಿಗೆ ಸುಮಾರು 0.2 ಚದರ ಸೆಂ.ಮೀ. ಮೊದಲ ಸೈನ್ ತನ್ನ ಎತ್ತರದ ನೂರಕ್ಕೆ 37 ಪಾಲಿಗೆ ಇಳಿಯಲು ಬೇಕಾದ ಸಮಯ `L²/(π²α)`, ಅಂದರೆ 456 ಸೆಕೆಂಡ್, ಏಳೂವರೆ ನಿಮಿಷ ಚಿಲ್ಲರೆ. ಮೂರನೆಯದಕ್ಕೆ ಅದರ ಒಂಬತ್ತನೇ ಒಂದು, 51 ಸೆಕೆಂಡ್. ಐದನೆಯದಕ್ಕೆ 18.

ಒಂದು ನಿಮಿಷ ಕಳೆದಾಗ ನಡುವಿನಲ್ಲಿ ಮೂರು ಪದಗಳು ಉಳಿದಿರುತ್ತವೆ: 111.6, ಕಳೆ 13.0, ಕೂಡು 0.95. ಒಟ್ಟು 99.6. ತುದಿಗಳು ಐಸಿನಲ್ಲಿದ್ದರೂ ನಡುವಿಗೆ ಇನ್ನೂ ಸುದ್ದಿಯೇ ಮುಟ್ಟಿಲ್ಲ. ಕುಲುಮೆಯಲ್ಲಿ ಕತ್ತಿಯ ಒಂದು ತುದಿ ಕೆಂಪಗೆ ಕಾದಿದ್ದರೂ ಇನ್ನೊಂದು ತುದಿಯನ್ನು ಬರಿಗೈಯಲ್ಲಿ ಹಿಡಿದು ನಿಂತವರನ್ನು ನೋಡಿದ್ದರೆ ಇದು ಹೊಸದೇನಲ್ಲ. ಐದು ನಿಮಿಷಕ್ಕೆ ಮೊದಲ ಪದ ಒಂದೇ ಸಾಕು, ಸುಮಾರು 66 ಡಿಗ್ರಿ. ಅಷ್ಟರಲ್ಲಿ ಸರಳಿನ ಬಿಸಿ ಒಂದೇ ಒಂದು ಸೈನ್ ಕಮಾನು.

ಒಂದು ವರ್ಷ ಇದನ್ನು ಮಾಡಿಯೇ ನೋಡಿದೆವು. ಸರಳಿನ ನಡುವೆ ಸಣ್ಣ ತೂತು ಕೊರೆಸಿ ಬಿಸಿ ಅಳೆಯುವ ಥರ್ಮೋಕಪಲ್ ಇಟ್ಟು, ಮೈಗೆ ಹತ್ತಿ ಸುತ್ತಿ, ಮೀನು ಮಾರುವವರಿಂದ ಐಸ್ ತಂದೆವು. ಮೊದಲ ತಕರಾರು ಸರಳನ್ನು ಕಾಯಿಸಿದ ಕುದಿಯುವ ನೀರಿನದು. ಮಡಿಕೇರಿ ಸಮುದ್ರ ಮಟ್ಟದಿಂದ 1,100 ಮೀಟರ್‌ಗಿಂತ ಮೇಲಿದೆ. ಇಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಅದರಿಂದ ತೊಂದರೆಯಿಲ್ಲ, ಎಲ್ಲ ಪದಗಳನ್ನೂ 0.96ರಿಂದ ಗುಣಿಸಿದರೆ ಆಯಿತು.

ಎರಡನೆಯದು ನಿಜವಾದ ತಕರಾರು. ಮೊದಲ ಎರಡು ನಿಮಿಷ ಬಿಟ್ಟು ಆಮೇಲಿನ ಅಳತೆಗಳ ಲಾಗ್ ತೆಗೆದರೆ ನೇರ ಗೆರೆಯೇ ಬಂತು, ಆದರೆ ಓರೆ ಕಡಿಮೆ. ನೂರಕ್ಕೆ 37 ಪಾಲಿಗೆ ಇಳಿಯುವ ಸಮಯ ಆ ಓರೆಯ ಪ್ರಕಾರ 456 ಸೆಕೆಂಡ್ ಬದಲು ಒಂಬತ್ತು ನಿಮಿಷಕ್ಕೂ ಜಾಸ್ತಿ. ಮೈಯಿಂದ ಶಾಖ ಸೋರಿದ್ದರೆ ಸರಳು ಬೇಗ ತಣಿಯಬೇಕಿತ್ತು. ತಡವಾಗಿದೆ ಎಂದರೆ ತಪ್ಪು ತುದಿಯಲ್ಲಿದೆ. ಸರಳಿಗೆ ತಾಗಿದ ನೀರಿನ ತೆಳು ಪದರ ಬೆಚ್ಚಗಾಗಿ, ತುದಿ ಸೊನ್ನೆಗೆ ಇಳಿದೇ ಇರಲಿಲ್ಲ. ಆಗ ಸೈನ್ ಕಮಾನಿನ ಕಾಲು ಸರಳಿನ ಆಚೆಗೆ ಬೀಳುತ್ತದೆ, ಸರಳು ಉದ್ದವಾದಂತೆ ನಡೆದುಕೊಳ್ಳುತ್ತದೆ. `n`ಗಳು 1, 3, 5 ಆಗಿ ಉಳಿಯುವುದಿಲ್ಲ. ಒಂದೊಂದನ್ನೂ `tan` ಇರುವ ಸಮೀಕರಣದಿಂದ ಹುಡುಕಬೇಕು. ಆದರೂ ಗುಣಿಸಿ ಇಂಟಿಗ್ರೇಟ್ ಮಾಡಿದರೆ ಬೇರೆಯವು ಬಿದ್ದುಹೋಗುವ ಗುಣ ಹಾಗೇ ಇರುತ್ತದೆ. 1830ರ ದಶಕದಲ್ಲಿ ಸ್ಟರ್ಮ್ ಮತ್ತು ಲಿಯೂವಿಲ್ ಇಂಥ ತುದಿಗಳಿಗೂ, ಉದ್ದಕ್ಕೂ ಒಂದೇ ಸಮ ಇಲ್ಲದ ಸರಳುಗಳಿಗೂ ಸೇರಿಸಿ ಕಟ್ಟಿಕೊಟ್ಟದ್ದು ಅದನ್ನೇ.

ಮಾರನೇ ದಿನ ಇಬ್ಬರು ಹುಡುಗಿಯರು ಎರಡೂ ತುದಿಯ ಐಸ್ ನೀರನ್ನು ಬಿಡದೆ ಕಡ್ಡಿಯಲ್ಲಿ ತಿರುವುತ್ತಾ ಕೂತರು. ಸಮಯ ಎಂಟೂವರೆ ನಿಮಿಷಕ್ಕೆ ಇಳಿಯಿತು.