ಒಂದು ಹಾಕಿದರೆ ತಾಳೆ, ಎರಡು ಹಾಕಿದರೆ ಸಿಕ್ಕಿಬಿತ್ತು

ಒಂಬತ್ತನೇ ಕ್ಲಾಸಿನ ಅಕ್ಕನ ಮಗಳು ಪುಸ್ತಕ ಹಿಡಿದುಕೊಂಡು ಬಂದಳು. ಎರಡು ತ್ರಿಪದೋಕ್ತಿಗಳನ್ನು ಗುಣಿಸುವ ಲೆಕ್ಕ: (2x² − 3x + 4)(x² + 5x − 2). ಅವಳ ಉತ್ತರ 2x⁴ − 8x³ + 26x − 8. ಪುಸ್ತಕದ ಹಿಂದಿನ ಉತ್ತರವೇ ಬೇರೆ. "x ಜಾಗದಲ್ಲಿ 1 ಹಾಕಿ ನೋಡಿದೆ ಮಾಮ. ತಾಳೆ ಆಯ್ತಲ್ಲ, ಮತ್ತೆ ಹೇಗೆ ತಪ್ಪು?"

ಒಳ್ಳೇ ಪ್ರಶ್ನೆ. ಮೊದಲು ಲೆಕ್ಕವನ್ನು ಚೌಕ ಹಾಕಿ ಮಾಡೋಣ ಅಂದೆ. ಮೂರು ಪದ, ಮೂರು ಪದ, ಹಾಗಾಗಿ ಒಂಬತ್ತು ಮನೆ. ಒಂದು ತ್ರಿಪದೋಕ್ತಿ ಮೇಲೆ, ಇನ್ನೊಂದು ಎಡಕ್ಕೆ. ಮೈನಸ್ ಚಿಹ್ನೆಯನ್ನು ಪದದ ಜೊತೆಗೇ ಬರೆಯಬೇಕು.

| | x² | 5x | −2 |
|---|---|---|---|
| 2x² | 2x⁴ | 10x³ | −4x² |
| −3x | −3x³ | −15x² | 6x |
| 4 | 4x² | 20x | −8 |

ಘಾತ ಇಳಿಯುವ ಕ್ರಮದಲ್ಲೇ ಬರೆದರೆ ಒಂದು ಅನುಕೂಲ ಇದೆ: ಒಂದೇ ಘಾತದ ಪದಗಳು ಓರೆಯಾಗಿ ಸಾಲು ನಿಲ್ಲುತ್ತವೆ. 10x³ ಮತ್ತು −3x³ ಒಂದು ಓರೆ. −4x², −15x², 4x² ಇನ್ನೊಂದು. ಓರೆಯಲ್ಲಿ ಕೂಡುತ್ತಾ ಹೋದರೆ ಉತ್ತರ 2x⁴ + 7x³ − 15x² + 26x − 8. (ನಡುವಿನ ಪದವೇ ಇಲ್ಲದಿದ್ದರೆ ಆ ಜಾಗಕ್ಕೆ 0x ಬರೆಯಿರಿ, ಇಲ್ಲದಿದ್ದರೆ ಓರೆ ಕೆಡುತ್ತದೆ.)

ಈಗ ಅವಳ ತಪ್ಪು ತಾನಾಗೇ ಕಂಡಿತು. ಮಧ್ಯದ ಮನೆಯಲ್ಲಿ −15x² ಬದಲು −15x³ ಬಂದಿತ್ತು. ಹಾಗಾಗಿ x² ಪದವೇ ಮಾಯ!

1 ಹಾಕಿದಾಗ ಇದು ಯಾಕೆ ಸಿಗಲಿಲ್ಲ? 1ರ ಯಾವ ಘಾತವಾದರೂ 1 ತಾನೆ. −15x² ಆದರೂ −15, −15x³ ಆದರೂ −15. ಅಂದರೆ 1 ಹಾಕುವುದು ಅಂದ್ರೆ ಬರೀ ಸಹಗುಣಕಗಳನ್ನು ಕೂಡಿದ ಹಾಗೆ. ಆವರಣಗಳು 3 ಮತ್ತು 4, ಗುಣಿಸಿದರೆ 12. ಸರಿ ಉತ್ತರವೂ 12, ಅವಳದ್ದೂ 12. 0 ಹಾಕಿದರಂತೂ ಕೊನೆಯ −8 ಒಂದೇ ಪರೀಕ್ಷೆಗೆ ಬರುತ್ತದೆ.

2 ಹಾಕಿ ನೋಡು ಅಂದೆ. ಮೊದಲ ಆವರಣ 8 − 6 + 4 = 6, ಎರಡನೆಯದು 4 + 10 − 2 = 12, ಗುಣಲಬ್ಧ 72. ಸರಿ ಉತ್ತರದಲ್ಲಿ 32 + 56 − 60 + 52 − 8, ಅದೂ 72. ಅವಳದ್ದರಲ್ಲಿ 32 − 64 + 52 − 8, ಬರೀ 12.

ಒಂದೇ ಮನೆಯಲ್ಲಿ ತಪ್ಪಾಗಿದ್ದರೆ, ಚಿಹ್ನೆಯದ್ದಾಗಲಿ ಘಾತದ್ದಾಗಲಿ, 2 ಅದನ್ನು ಹಿಡಿದೇ ಹಿಡಿಯುತ್ತದೆ. ಎರಡು ಮನೆ ಕೆಟ್ಟು, ಒಂದರ ತಪ್ಪನ್ನು ಇನ್ನೊಂದು ಮುಚ್ಚಿದರೆ ಮಾತ್ರ ಮೋಸ ಹೋಗಬಹುದು. x³ ಒಂದು ಕಮ್ಮಿ, x² ಎರಡು ಜಾಸ್ತಿ ಆದರೆ −8 + 8, ಸೊನ್ನೆ. ಅದಕ್ಕೆ ಅನುಮಾನ ಇದ್ದರೆ 3 ಕೂಡ ಹಾಕಿ ನೋಡಬೇಕು. ಅಲ್ಲಿ ಅದೇ ತಪ್ಪು −27 + 18, ಅಂದರೆ 9ರ ವ್ಯತ್ಯಾಸವಾಗಿ ಎದ್ದು ಕಾಣುತ್ತದೆ.