ಅಂಗಡಿ ಕರಾರಿನಲ್ಲಿ ಬಾಡಿಗೆದಾರರ ಹೆಸರು ಬದಲಿಸಲು ಒಪ್ಪಿಗೆ ಪತ್ರ

ಬಾಡಿಗೆ ಅಂಗಡಿಯವರು ತಮ್ಮ ವ್ಯವಹಾರದ ಸ್ವರೂಪ ಬದಲಿಸುವಾಗ, ಕರಾರಿನಲ್ಲೂ ಹೊಸ ಹೆಸರು ಹಾಕಲು ಒಪ್ಪಿಗೆ ಕೊಡಿ ಎಂದು ಮಾಲೀಕರನ್ನು ಲಿಖಿತವಾಗಿ ಕೇಳುವ ಪತ್ರ ಇದು.

ಬದಲಾಗುತ್ತಿರುವುದು ಬರೀ ಹೆಸರೋ, ಬಾಡಿಗೆದಾರರೋ ಎಂದು ಮೊದಲು ನೋಡಬೇಕು. ಸುಲಭದ ಗುರುತು ಪ್ಯಾನ್ ನಂಬರು. ಕಂಪನಿ ತನ್ನ ಹೆಸರನ್ನಷ್ಟೇ ಬದಲಿಸಿದರೆ ಪ್ಯಾನ್ ಅದೇ ಇರುತ್ತದೆ. ಆಗ ಹೆಸರು ಬದಲಾದ ಪ್ರಮಾಣಪತ್ರದ ಪ್ರತಿ ಇಟ್ಟು ತಿಳಿಸಿದರೆ ಸಾಮಾನ್ಯವಾಗಿ ಸಾಕು. ಪ್ಯಾನ್ ಬದಲಾಯಿತೋ, ಕಾನೂನಿನ ಕಣ್ಣಿಗೆ ಅಂಗಡಿಯಲ್ಲಿ ಬೇರೆಯವರು ಕೂತ ಹಾಗೆ.

ಮುಂಬೈನ ಮಾಟುಂಗಾದಲ್ಲಿ ಕುಂದಾಪುರದ ಭಾವ-ಮೈದುನ ಪಾಲುದಾರಿಕೆಯಲ್ಲಿ ತಿಂಡಿ ಹೋಟೆಲು ನಡೆಸುತ್ತಿದ್ದಾರೆ ಎಂದುಕೊಳ್ಳಿ. ಈಗ ಅದನ್ನು ಪ್ರೈವೇಟ್ ಲಿಮಿಟೆಡ್ ಮಾಡುತ್ತಾರೆ. ಪ್ಯಾನ್‌ನ ನಾಲ್ಕನೇ ಅಕ್ಷರ F ಇದ್ದದ್ದು C ಆಗುತ್ತದೆ. ಗಲ್ಲೆಯಲ್ಲಿ ಅವರೇ, ದೋಸೆ ಕಲ್ಲೂ ಅದೇ. ಆದರೂ ಮಾಲೀಕರು ‘ನನ್ನನ್ನು ಕೇಳದೆ ಜಾಗ ಬೇರೆಯವರಿಗೆ ಕೊಟ್ಟಿರಿ’ ಎನ್ನಬಹುದು. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರಲ್ಲಿ ಹಾಗೆ ಕೊಡುವುದು ಖಾಲಿ ಮಾಡಿಸಲು ಒಂದು ಕಾರಣ. ಕಂಪನಿಗಳು ವಿಲೀನವಾದಾಗಲೂ ಇದೇ ತಕರಾರು ಬಂದು, 1986ರಲ್ಲಿ ಸುಪ್ರೀಂ ಕೋರ್ಟು ಮಾಲೀಕರ ಪರ ತೀರ್ಪು ಕೊಟ್ಟಿದೆ.

ಹಾಗಾಗಿ ಪತ್ರ ಬದಲಾವಣೆಗೆ ಮೊದಲೇ ಹೋಗಬೇಕು. ‘ಹೆಸರು ಬದಲಾಗಿದೆ, ಗಮನಿಸಿ’ ಎಂದು ಆಮೇಲೆ ಬರೆದರೆ ಅದು ತಪ್ಪೊಪ್ಪಿಗೆಯಂತೆ ಓದಿಸಿಕೊಳ್ಳುತ್ತದೆ. ಒಕ್ಕಣೆ ಹೀಗಿದ್ದರೆ ಒಳ್ಳೆಯದು:

‘ನಮ್ಮ ಪಾಲುದಾರಿಕೆ ಸಂಸ್ಥೆಯನ್ನು ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿ ಬದಲಿಸಲಿದ್ದೇವೆ. ಈಗಿನ ಇಬ್ಬರು ಪಾಲುದಾರರೇ ಅದರ ನಿರ್ದೇಶಕರು. ಎಲ್ಲ ಷೇರುಗಳೂ ಅವರವೇ. ಬಾಡಿಗೆ, ಅವಧಿ, ಜಾಗದ ಬಳಕೆ ಯಾವುದೂ ಬದಲಾಗುವುದಿಲ್ಲ. ನಮ್ಮ ಡಿಪಾಸಿಟನ್ನು ಕಂಪನಿಯ ಹೆಸರಿಗೆ ಮುಂದುವರಿಸಿ, ಹೆಸರು ಬದಲಾವಣೆಗೆ ಲಿಖಿತ ಒಪ್ಪಿಗೆ ನೀಡಬೇಕಾಗಿ ಕೋರುತ್ತೇವೆ.’

ಷೇರು ಯಾರದ್ದು ಎಂಬ ಮಾತನ್ನು ಬಿಡಬೇಡಿ. ಹೊರಗಿನವರು ನುಸುಳುತ್ತಿದ್ದಾರಾ ಎಂಬುದೇ ಮಾಲೀಕರ ದೊಡ್ಡ ಅನುಮಾನ, ಅಲ್ವಾ? ಇಬ್ಬರು ಪಾಲುದಾರರೂ ಸಹಿ ಹಾಕಬೇಕು. ಕಂಪನಿ ಬಾಡಿಗೆ ಕೊಡದಿದ್ದರೆ ನೀವು ಹೊಣೆ ಹೊರಬೇಕು ಎಂದು ಮಾಲೀಕರು ಕೇಳುವುದು ಸಹಜ; ಅದು ಅನ್ಯಾಯದ ಬೇಡಿಕೆಯೂ ಅಲ್ಲ.

ಮೊದಲೇ ದೊಡ್ಡ ಮೊತ್ತ ಕೊಟ್ಟು ಕಡಿಮೆ ಬಾಡಿಗೆಗೆ ಹಿಡಿದ ಹಳೇ ಪಗಡಿ ಜಾಗವಾದರೆ ಇನ್ನೊಂದು ವಿಷಯ. ಪಾವತಿಯಾದ ಷೇರು ಬಂಡವಾಳ 1 ಕೋಟಿ ರೂಪಾಯಿ ಅಥವಾ ಜಾಸ್ತಿ ಇರುವ ಕಂಪನಿಗಳಿಗೆ ಈ ಕಾಯ್ದೆಯ ರಕ್ಷಣೆ ಇಲ್ಲ. ಬಂಡವಾಳದ ಅಂಕಿ ಬರೆಯುವ ಮುನ್ನ ಸಿಎ ಜೊತೆಗೆ ವಕೀಲರನ್ನೂ ಕೇಳಿ.

ಮಾಲೀಕರು ಬಾಯಲ್ಲಿ ‘ಹೂಂ’ ಅಂದರೆ ಸಾಲದು. ಬಾಡಿಗೆ ಕಂಪನಿ ಖಾತೆಯಿಂದ ಹೋಗಿ, ರಸೀದಿ ಹಳೇ ಹೆಸರಿನಲ್ಲೇ ಬರುತ್ತಿದ್ದರೆ ಕೆಲಸ ಮುಗಿದಿಲ್ಲ ಎಂದೇ ಅರ್ಥ. ಬಾಡಿಗೆ ಬಿಲ್ಲಿನಲ್ಲಿ ಹಳೇ ಜಿಎಸ್‌ಟಿ ನಂಬರಿದ್ದರೆ ಆ ತೆರಿಗೆಯ ಕ್ರೆಡಿಟ್ಟಿಗೂ ತೊಡಕು. ಒಪ್ಪಿಗೆ ಕೈಗೆ ಬಂದ ಮೇಲೆ ಪೂರಕ ಕರಾರು ಮಾಡಿಸಿ, ನೋಂದಣಿ ಮಾಡಿಸಿಕೊಳ್ಳಿ.